ಮೆಮೊರಿ ಕಾರ್ಡಿನ ಬೀಗ, ಫೋನಿನೊಳಗಿನ ಕೀಲಿ

ಕಳೆದ ತಿಂಗಳು ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು 32 ಜಿಬಿಯ ಮೆಮೊರಿ ಕಾರ್ಡ್ ಹಿಡಿದು ನಮ್ಮ ಲ್ಯಾಬಿಗೆ ಬಂದಳು. ಫೋನ್ ನೀರಿಗೆ ಬಿದ್ದು ಸಂಪೂರ್ಣ ಕೆಟ್ಟಿತ್ತು. ಫೋಟೊ, ನೋಟ್ಸ್ ಎಲ್ಲವೂ ಕಾರ್ಡಿನಲ್ಲಿವೆಯೆಂಬ ಧೈರ್ಯ ಅವಳಿಗೆ. ಕಾರ್ಡ್ ರೀಡರಿಗೆ ಹಾಕಿದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಕೆಂದು ಕೇಳಿತು.

ಕಾರ್ಡ್ ಕೆಟ್ಟಿರಲಿಲ್ಲ. ಹಿಂದೊಮ್ಮೆ ಜಾಗ ಸಾಲದೆ ಅವಳು Format as internal ಒತ್ತಿದ್ದಳಂತೆ. 2015ರ ಆಂಡ್ರಾಯ್ಡ್ 6ರಿಂದ ಬಂದ ಈ ಆಯ್ಕೆ ಕಾರ್ಡನ್ನು ಮೊದಲು ಪೂರ್ತಿ ಅಳಿಸಿ, ನಂತರ ಅದರಲ್ಲಿ ಬರೆಯುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಕಾರ್ಡಿನಲ್ಲಲ್ಲ, ಆ ಫೋನಿನೊಳಗೆ. ಫೋನ್ ಸತ್ತರೂ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಕೀಲಿ ಹೋಯಿತು. ಡೇಟಾ ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳೂ ಇಲ್ಲಿ ಕೈಚೆಲ್ಲುತ್ತವೆ. ಫೋನ್ ರಿಪೇರಿಯಾಗಿ ಮತ್ತೆ ಆನ್ ಆದರೆ ಮಾತ್ರ ಆಸೆ ಎಂದು ಅವಳಿಗೆ ಹೇಳಿದೆ.

ಲಾಭವೂ ಇದೆ: ಆ್ಯಪ್‌ಗಳನ್ನೂ ಕಾರ್ಡಿಗೆ ಸಾಗಿಸಬಹುದು. ಆದರೆ ನಡುವೆ ಕಾರ್ಡ್ ಕಿತ್ತರೆ ಆ ಆ್ಯಪ್‌ಗಳು ತೆರೆಯುವುದಿಲ್ಲ. ಅಗ್ಗದ ನಿಧಾನ ಕಾರ್ಡಾದರೆ ಫೋನೇ ತೆವಳುತ್ತದೆ.

ಪೋರ್ಟಬಲ್ ಆಗಿಟ್ಟ ಕಾರ್ಡನ್ನು ಯಾವ ಕಂಪ್ಯೂಟರಿಗೆ ಹಾಕಿದರೂ ಫೋಟೊಗಳು ಕಾಣುತ್ತವೆ. ಅಪಾಯವೂ ಅದೇ. ಬಸ್ಸಿನಲ್ಲಿ ಬಿದ್ದ ಕಾರ್ಡ್ ಸಿಕ್ಕವರಿಗೂ ಕಾಣುತ್ತವೆ, ಸ್ಕ್ರೀನ್ ಲಾಕ್ ಇದನ್ನು ಕಾಯುವುದಿಲ್ಲ. ಆದರೂ ನಾನು ಪೋರ್ಟಬಲ್ ಅನ್ನೇ ಹೇಳುತ್ತೇನೆ. ಆಧಾರ್, ಅಂಕಪಟ್ಟಿಯ ಪ್ರತಿಗಳನ್ನು ಮಾತ್ರ ಅದರಲ್ಲಿ ಇಡಬೇಡಿ.

ನಿಮ್ಮ ಕಾರ್ಡ್ ಈಗಾಗಲೇ ಒಳಸಂಗ್ರಹವಾಗಿದ್ದರೆ, Format as portable ಒತ್ತುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಅದೂ ಕಾರ್ಡನ್ನು ಅಳಿಸುತ್ತದೆ.