ಶಿಫಾರಸು ಪತ್ರ ಬರೆಯುವ ಮುನ್ನ

ಕಳೆದ ವರ್ಷ ನಿನ್ನ ಕೈಕೆಳಗೆ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿಹೋದ ಬಿ.ಕಾಂ. ಹುಡುಗ ಈಗ ಶಿಫಾರಸು ಪತ್ರ ಕೇಳಿದ್ದಾನೆ. “ಹುಡುಗ ಪ್ರಾಮಾಣಿಕ ಸಾರ್, ಆದರೆ ಪ್ರತಿಯೊಂದಕ್ಕೂ ಹಿಂದೆ ನಿಂತು ನೋಡಬೇಕಿತ್ತು. ಏನಂತ ಬರೆಯಲಿ?” ಎಂದು ಕೇಳಿದೆಯಲ್ಲಮ್ಮ, ನನಗೆ ತೋಚಿದ್ದನ್ನು ಹೇಳುತ್ತೇನೆ.

“ಶ್ರದ್ಧೆಯುಳ್ಳವರು, ಸಮಯಪಾಲಕರು, ಸದ್ವರ್ತನೆಯವರು” ಎಂದಷ್ಟೇ ಬರೆದು ಸಹಿ ಹಾಕುವುದು ಸುಲಭ. ಆದರೆ ನೇಮಕ ಮಾಡಿಕೊಳ್ಳುವವರು ಅದನ್ನು ಬೇರೆ ರೀತಿ ಓದುತ್ತಾರೆ. ಗುಣದ ಬಗ್ಗೆ ಮೂರು ಸಾಲು ಇದ್ದು ಕೆಲಸದ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಕೆಲಸ ಬರುವುದಿಲ್ಲ ಎಂದೇ ಲೆಕ್ಕ. “ಇವರಿಗೆ ನಿಕಟ ಮೇಲ್ವಿಚಾರಣೆ ಅಗತ್ಯ” ಎಂದು ಒಂದೇ ಸಾಲಿನಲ್ಲಿ ಬರೆದರೂ ಅಷ್ಟೇ. ಓದುವವರು ಸೋಮಾರಿತನದಿಂದ ಹಿಡಿದು ಅಪ್ರಾಮಾಣಿಕತೆಯವರೆಗೆ ಏನು ಬೇಕಾದರೂ ಊಹಿಸಿಕೊಳ್ಳಬಹುದು. ಎರಡರಲ್ಲೂ ಹುಡುಗನಿಗೇ ಅನ್ಯಾಯ.

ಹಾಗಾಗಿ ಮೊದಲು ನೀನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಅವನಿಗೆ ಮೇಲ್ವಿಚಾರಣೆ ಬೇಕಾಗಿದ್ದದ್ದು ಎಲ್ಲಿ? ಹೇಳಿಕೊಟ್ಟದ್ದು ಅರ್ಥವಾಗದೆಯೋ, ಮಾಡಿದ್ದರಲ್ಲಿ ತಪ್ಪು ಉಳಿಯುತ್ತಿತ್ತೋ, ಅಥವಾ ಹೊಸದೇನಾದರೂ ಎದುರಾದರೆ ತೀರ್ಮಾನಿಸಲು ಹೆದರುತ್ತಿದ್ದನೋ? ಮೂರೂ ಬೇರೆ ಬೇರೆ.

ಅವನ ಕೆಲಸವನ್ನೇ ನೆನಪಿಸಿಕೋ. ಕಕ್ಷಿದಾರರ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು. ತಿಂಗಳ 14ಕ್ಕೆ 2ಬಿ ಬರುತ್ತದೆ, 20ರೊಳಗೆ 3ಬಿ ಸಲ್ಲಿಸಬೇಕು. ಆ ನಡುವಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮೊದಲೆರಡು ತಿಂಗಳು ಪುಸ್ತಕದಲ್ಲಿ 45 ಎಂದೂ ಪೋರ್ಟಲಿನಲ್ಲಿ 0045 ಎಂದೂ ಇದ್ದ ಒಂದೇ ಬಿಲ್ಲನ್ನು ಅವನು “ಸಿಕ್ಕಿಲ್ಲ” ಎಂಬ ಪಟ್ಟಿಗೆ ಸೇರಿಸುತ್ತಿದ್ದ. ಕ್ರೆಡಿಟ್ ನೋಟನ್ನು ಕಳೆಯುವ ಬದಲು ಕೂಡಿಸಿಬಿಡುತ್ತಿದ್ದ. ನೀನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಟ್ಟ ಮೇಲೆ ಅವೆರಡೂ ನಿಂತವು. ಕೊನೆಯವರೆಗೂ ಉಳಿದದ್ದು ಒಂದೇ. ಸರಬರಾಜುದಾರರು ಬೇರೆಯವರ ಜಿಎಸ್‌ಟಿ ಸಂಖ್ಯೆಗೆ ಬಿಲ್ ಏರಿಸಿರುವಂಥ, ಹಾಳೆಯಲ್ಲಿಲ್ಲದ ತೊಡಕು ಬಂದರೆ ಅವನು ಕೇಳದೆ ಅಲ್ಲೇ ಕೂತುಬಿಡುತ್ತಿದ್ದ. ನೀನಾಗಿ ಹೋಗಿ ವಿಚಾರಿಸಬೇಕಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸಿ ಅಂಕಿ ಸರಿಹೊಂದಿಸಿದ್ದು ಒಮ್ಮೆಯೂ ಇಲ್ಲ. ನಮ್ಮ ವೃತ್ತಿಯಲ್ಲಿ ಇದು ಸಣ್ಣ ಮಾತಲ್ಲ, ಅದನ್ನು ಬಿಡದೆ ಬರೆ.

ಪತ್ರದ ನಡುವಿನ ಭಾಗ ಹೀಗಿರಲಿ: “ಇವರು ಖರೀದಿ ಲೆಕ್ಕವನ್ನು ಜಿಎಸ್‌ಟಿಆರ್-2ಬಿಯೊಂದಿಗೆ ತಾಳೆ ನೋಡುವ ಕೆಲಸ ಮಾಡಿದ್ದಾರೆ. ಆರಂಭದಲ್ಲಿ ಪ್ರತಿದಿನ ಪರಿಶೀಲನೆ ಬೇಕಾಗುತ್ತಿತ್ತು. ಲಿಖಿತ ಕ್ರಮ ಕೊಟ್ಟ ನಂತರ ನಿತ್ಯದ ತಾಳೆಯನ್ನು ಸರಿಯಾಗಿ ಮುಗಿಸುತ್ತಿದ್ದರು. ಹೊಸ ರೀತಿಯ ವ್ಯತ್ಯಾಸ ಕಂಡಾಗ ಹಿರಿಯರ ಮಾರ್ಗದರ್ಶನ ಬೇಕಾಗುತ್ತಿತ್ತು. ತಿಳಿಯದ ಅಂಕಿಯನ್ನು ಎಂದೂ ಊಹಿಸಿ ತುಂಬಿಸಿಲ್ಲ. ಕೆಲಸವನ್ನು ಹಂತಹಂತವಾಗಿ ಕಲಿಸುವ ಕಚೇರಿಯಲ್ಲಿ ಇವರು ಚೆನ್ನಾಗಿ ಬೆಳೆಯಬಲ್ಲರು.” ಇದರಲ್ಲಿ ಸುಳ್ಳಿಲ್ಲ, ಚುಚ್ಚುಮಾತೂ ಇಲ್ಲ. ಎಂಥ ಕಡೆ ಅವನು ಗೆಲ್ಲುತ್ತಾನೆ ಎಂಬುದು ಓದಿದವರಿಗೆ ತಿಳಿಯುತ್ತದೆ. ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬರಬಾರದು.

ಬರೆಯುವ ಮೊದಲು ಅವನಿಗೆ ಫೋನ್ ಮಾಡಿ ಯಾವ ಹುದ್ದೆಗೆ ಎಂದು ಕೇಳು. ಹಿರಿಯರಿರುವ ಆಡಿಟ್ ಆಫೀಸಿನಲ್ಲಿ ಸಹಾಯಕನ ಕೆಲಸವಾದರೆ ಈ ಪತ್ರ ಅವನಿಗೆ ಆಸರೆಯಾಗುತ್ತದೆ. ಒಬ್ಬನೇ ಕೂತು ಇಡೀ ಕಂಪನಿಯ ಲೆಕ್ಕ ನೋಡುವ ಹುದ್ದೆಯಾದರೆ ಇದೇ ಪತ್ರ ಅಡ್ಡಿಯಾದೀತು. ಆಗ “ಈ ಕೆಲಸಕ್ಕೆ ನಾನು ಬೆಂಬಲಿಸಿ ಬರೆಯಲಾರೆ ಕಣಪ್ಪ, ಬೇಕಾದರೆ ಅವಧಿ ಮತ್ತು ಕೆಲಸ ನಮೂದಿಸಿ ಅನುಭವ ಪ್ರಮಾಣಪತ್ರ ಕೊಡುತ್ತೇನೆ” ಎಂದು ನೇರವಾಗಿ ಹೇಳು. ಪ್ರಮಾಣಪತ್ರ ನಡೆದದ್ದರ ದಾಖಲೆ, ಶಿಫಾರಸು ನಿನ್ನ ಅಭಿಪ್ರಾಯ. ಒಂದರ ಬದಲು ಇನ್ನೊಂದು ಕೊಡುವಾಗ ಅದು ಯಾವುದೆಂದು ಅವನಿಗೂ ಗೊತ್ತಿರಲಿ.

ಬರೆದಾದ ಮೇಲೆ ಮಾರ್ಗದರ್ಶನದ ಆ ಸಾಲನ್ನು ಅವನಿಗೆ ಓದಿ ಹೇಳು. ಸಂದರ್ಶನದಲ್ಲಿ ಅದನ್ನೇ ಕೇಳಿದರೆ ತಬ್ಬಿಬ್ಬಾಗದೆ, ಈಗ ಹೇಗೆ ತಿದ್ದಿಕೊಂಡಿದ್ದೇನೆ ಎಂದು ಅವನು ಹೇಳಬಲ್ಲ. ಆ ಕಂಪನಿಯವರು ನಿನಗೂ ಫೋನ್ ಮಾಡಿಯಾರು. ಆಗ ಪತ್ರದಲ್ಲಿರುವುದಕ್ಕಿಂತ ಹೆಚ್ಚು ಹೊಗಳಲೂ ಬೇಡ, ಹೆಚ್ಚು ದೂರಲೂ ಬೇಡ. ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು ಆದರೆ, ಮುಂದೆ ನೀನು ಯಾರಿಗೆ ಪತ್ರ ಕೊಟ್ಟರೂ ಅವರು ನಂಬುವುದಿಲ್ಲ.