ಪೆನಾಲ್ಟಿ ಕಿಕ್: ಮರು ಒದೆತ ಯಾವಾಗ?

2019ರ ಮಹಿಳಾ ವಿಶ್ವಕಪ್. ನೈಜೀರಿಯಾ ವಿರುದ್ಧ ಫ್ರಾನ್ಸ್‌ನ ವೆಂಡಿ ರೆನಾರ್ ಒದ್ದ ಪೆನಾಲ್ಟಿ ಗೋಲುಕಂಬಕ್ಕೆ ಬಡಿಯಿತು. ಆದರೆ ಒದೆಯುವ ಮೊದಲೇ ಗೋಲ್‌ಕೀಪರ್ ಚಿಯಾಮಾಕಾ ನಾಡೋಜಿ ಗೆರೆ ಬಿಟ್ಟಿದ್ದು ವಿಡಿಯೊದಲ್ಲಿ ಕಂಡಿತು. ಆಕೆಗೆ ಹಳದಿ ಕಾರ್ಡ್ ಸಿಕ್ಕಿತು, ಒದೆತ ಮತ್ತೆ ನಡೆಯಿತು. ಈ ಬಾರಿ ಗೋಲಾಯಿತು. ಫ್ರಾನ್ಸ್ 1-0ಯಿಂದ ಗೆದ್ದಿತು.

ಚೆಂಡಿಗೆ ಕಾಲು ತಾಗುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಹಿಂದೆ ಇರಬೇಕು. ಗೆರೆಗುಂಟ ಅಕ್ಕಪಕ್ಕ ಸರಿಯಬಹುದು. ಇಂದಾಗಿದ್ದರೆ ರೆನಾರ್‌ಗೆ ಎರಡನೇ ಅವಕಾಶ ಸಿಗುವುದೇ ಅನುಮಾನ. 2020ರ ತಿದ್ದುಪಡಿಯಂತೆ, ಚೆಂಡು ತಾನಾಗಿ ಹೊರಹೋದರೆ ಅಥವಾ ಕಂಬಕ್ಕೆ ಬಡಿದರೆ, ಕೀಪರ್‌ನ ತಪ್ಪು ಒದೆಯುವವರನ್ನು ಸ್ಪಷ್ಟವಾಗಿ ಬಾಧಿಸಿದ್ದರೆ ಮಾತ್ರ ಮರು ಒದೆತ. ಗೆರೆ ಬಿಟ್ಟು ಚೆಂಡು ತಡೆದರೆ ಮರು ಒದೆತ ಖಚಿತ. ಮೊದಲ ತಪ್ಪಿಗೆ ಎಚ್ಚರಿಕೆ, ಮರುಕಳಿಸಿದರೆ ಹಳದಿ ಕಾರ್ಡ್.

ಉಳಿದ ಆಟಗಾರರು ಪೆನಾಲ್ಟಿ ಆವರಣದ ಹೊರಗೆ, ಚೆಂಡಿನ ಹಿಂದೆ, ಅದರಿಂದ 9.15 ಮೀಟರ್ ದೂರ ನಿಲ್ಲಬೇಕು. ಒದೆಯುವವರ ಜೊತೆಗಾರ ಮೊದಲೇ ನುಗ್ಗಿ ಕೀಪರ್‌ನ ಗಮನ ಕೆಡಿಸಿದರೆ, ಗೋಲಾದರೂ ಮತ್ತೆ ಒದೆಯಬೇಕು. ರಕ್ಷಕ ನುಗ್ಗಿದ್ದರೂ ಗೋಲಾದರೆ, ಆ ಗೋಲು ಉಳಿಯುತ್ತದೆ.

ಓಡಿಬರುವಾಗ ತಡವರಿಸಿ ಕೀಪರ್‌ನನ್ನು ವಂಚಿಸಬಹುದು. ಓಟ ಮುಗಿದ ಮೇಲೆ ಒದೆಯುವಂತೆ ನಟಿಸಿದರೆ ಹಳದಿ ಕಾರ್ಡ್. ಎದುರಾಳಿಗೆ ಪರೋಕ್ಷ ಫ್ರೀ ಕಿಕ್. ಚೆಂಡು ಗೋಲಿನೊಳಗೆ ಹೋಗಿದ್ದರೂ ಮರು ಒದೆತವಿಲ್ಲ.