ಅಪರೂಪದ ಎರಡು ಎಣಿಕೆಗಳೂ ದ್ವಿಪದ ವಿತರಣೆಯೂ

ಲಾಡಿಸ್ಲಾಸ್ ಫಾನ್ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞನು 1898ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದನು. ಅದರ ಹೆಸರನ್ನು ‘ಅಲ್ಪಸಂಖ್ಯೆಗಳ ನಿಯಮ’ ಎಂದು ಕನ್ನಡಿಸಬಹುದು. ಅದರಲ್ಲಿ ಬಂದ ಒಂದು ಪಟ್ಟಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಪ್ರಷ್ಯಾದ ಸೈನ್ಯದ 14 ದಳಗಳಲ್ಲಿ 1875ರಿಂದ 1894ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಲೆಕ್ಕ ಅದು. ಒಟ್ಟು ಮರಣಗಳು 196. ಇವುಗಳಲ್ಲಿ ಎಂಟನೆಯ ದಳಕ್ಕೆ ಸೇರಿದವು 7, ಹತ್ತನೆಯ ದಳಕ್ಕೆ ಸೇರಿದವು 15.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಹತ್ತನೆಯ ದಳದಲ್ಲಿ ಎಂಟನೆಯದರ ಎರಡರಷ್ಟಕ್ಕಿಂತಲೂ ಹೆಚ್ಚು ಜನ ಸತ್ತಿದ್ದಾರೆ. ಆ ದಳದ ಕುದುರೆಗಳು ನಿಜವಾಗಿಯೂ ಹೆಚ್ಚು ತುಂಟವೋ, ಲಾಯದ ವ್ಯವಸ್ಥೆ ಕೆಟ್ಟದ್ದೋ, ಅಥವಾ ಇದು ಕೇವಲ ಆಕಸ್ಮಿಕವೋ? ಇದಕ್ಕೆ ಉತ್ತರ ಹೇಳುವ ಒಂದು ಸುಂದರವಾದ ಮಾರ್ಗವುಂಟು. ಎರಡು ದಳಗಳ ಮೊತ್ತವಾದ 22ನ್ನು ಗೊತ್ತಿರುವ ಸಂಖ್ಯೆಯೆಂದು ಹಿಡಿದು, ಆ ಇಪ್ಪತ್ತೆರಡರಲ್ಲಿ ಎಷ್ಟು ಮರಣಗಳು ಎಂಟನೆಯ ದಳದ ಪಾಲಿಗೆ ಬಂದವೆಂದು ಕೇಳುವುದೇ ಆ ಮಾರ್ಗ. ಹಾಗೆ ಕೇಳಿದ ಕ್ಷಣದಲ್ಲಿಯೇ, ಪಾಯ್ಸಾನನ ವಿತರಣೆಯನ್ನು ಅನುಸರಿಸುತ್ತಿದ್ದ ಎಣಿಕೆಯು ದ್ವಿಪದ ವಿತರಣೆಯದಾಗಿ ಮಾರ್ಪಡುತ್ತದೆ. ಏಕೆ ಹೀಗಾಗುತ್ತದೆಂಬುದೇ ಈ ಲೇಖನದ ವಿಷಯ.

ಮೊದಲು ಪಾಯ್ಸಾನನ ಸೂತ್ರವನ್ನು ನೆನೆಯೋಣ. ಒಂದು ಘಟನೆ ಅಪರೂಪದ್ದಾಗಿದ್ದು, ಒಂದರ ಸಂಭವ ಇನ್ನೊಂದನ್ನು ಪ್ರೇರಿಸದೆಯೂ ತಡೆಯದೆಯೂ ಇದ್ದರೆ, ಗೊತ್ತಾದ ಅವಧಿಯಲ್ಲಿ ಅದರ ಸರಾಸರಿ ಎಣಿಕೆ a ಆಗಿರುವಾಗ ಸರಿಯಾಗಿ k ಸಲ ಸಂಭವಿಸುವ ಸಂಭವನೀಯತೆ

P(X = k) = e^(-a) · a^k / k!

ಎಂದಾಗುತ್ತದೆ. k! ಎಂದರೆ 1ರಿಂದ k ವರೆಗಿನ ಸಂಖ್ಯೆಗಳ ಗುಣಲಬ್ಧ. ಇನ್ನೊಂದು ಸ್ವತಂತ್ರ ಎಣಿಕೆ Y ಇದ್ದು ಅದರ ಸರಾಸರಿ b ಆಗಿರಲಿ. ಎರಡರ ಮೊತ್ತ n ಎಂದು ತಿಳಿದಾಗ X ಎಂಬುದು k ಆಗಿರುವ ಸಂಭವನೀಯತೆಯನ್ನು ಕಂಡುಹಿಡಿಯಬೇಕು. X ಎಂಬುದು k ಆಗಿ ಮೊತ್ತ n ಆಗಬೇಕಾದರೆ Y ಎಂಬುದು n-k ಆಗಲೇಬೇಕು. ಇವೆರಡೂ ಸ್ವತಂತ್ರವಾದುದರಿಂದ ಎರಡು ಸಂಭವನೀಯತೆಗಳನ್ನು ಗುಣಿಸಿ, ಮೊತ್ತವೇ n ಆಗುವ ಸಂಭವನೀಯತೆಯಿಂದ ಭಾಗಿಸಿದರೆ ಉತ್ತರ ಬರುತ್ತದೆ. ಮೊತ್ತವೂ ಪಾಯ್ಸಾನ್ ಎಣಿಕೆಯೇ. ಅದರ ಸರಾಸರಿ a+b. k ಯ ಎಲ್ಲ ಬೆಲೆಗಳಿಗೂ ಆ ಗುಣಲಬ್ಧಗಳನ್ನು ಕೂಡಿಸಿ ದ್ವಿಪದ ಪ್ರಮೇಯವನ್ನು ಪ್ರಯೋಗಿಸಿದರೆ ಇದು ಎರಡೇ ಸಾಲಿನಲ್ಲಿ ಸಿದ್ಧಿಸುತ್ತದೆ. ಆದುದರಿಂದ,

P(X = k | X+Y = n)
= [e^(-a) a^k / k!] · [e^(-b) b^(n-k) / (n-k)!] ÷ [e^(-(a+b)) (a+b)^n / n!]

ಇಲ್ಲಿ e ಯ ಘಾತಗಳು ಮೇಲೂ ಕೆಳಗೂ ಒಂದೇ ಆಗಿ ಅಳಿದುಹೋಗುತ್ತವೆ. ಉಳಿದುದನ್ನು ಜೋಡಿಸಿ ಬರೆದರೆ,

= [n! / (k! (n-k)!)] · p^k · (1-p)^(n-k),  p = a/(a+b)

ಎಂದಾಗುತ್ತದೆ. ಇದು ದ್ವಿಪದ ವಿತರಣೆಯಲ್ಲದೆ ಬೇರೆಯಲ್ಲ.

ಬೀಜಗಣಿತವು ಸಂಗತಿ ನಿಜವೆಂದು ತೋರಿಸಿತು. ಆದರೆ ಏಕೆಂಬುದನ್ನು ಇನ್ನೂ ಹೇಳಲಿಲ್ಲ. ತರಗತಿಯಲ್ಲಿ ಈ ಸೂತ್ರವನ್ನು ಸಾಧಿಸಿ ಹಲಗೆಯನ್ನು ಒರಸಿಬಿಡುವ ಅಧ್ಯಾಪಕರು ಇಲ್ಲಿಯೇ ಅವಸರ ಮಾಡುತ್ತಾರೆಂದು ನನ್ನ ಭಾವನೆ. ಕಾಲವನ್ನು ಅತಿ ಸೂಕ್ಷ್ಮವಾದ ಕ್ಷಣಗಳಾಗಿ ಕತ್ತರಿಸಿದಂತೆ ಭಾವಿಸೋಣ. ಪ್ರತಿ ಕ್ಷಣದಲ್ಲಿಯೂ ಮೊದಲನೆಯ ದಳದಲ್ಲಿ ಮರಣ ಸಂಭವಿಸುವ ಸಾಧ್ಯತೆ a ಗೆ ಅನುಪಾತವಾಗಿಯೂ, ಎರಡನೆಯದರಲ್ಲಿ b ಗೆ ಅನುಪಾತವಾಗಿಯೂ ಇರುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಸಂಭವಿಸುವುದನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ, ಅದು ಅಷ್ಟು ಅಲ್ಪ. ಈಗ ಯಾರೋ ಬಂದು “ಈ ಕ್ಷಣದಲ್ಲಿ ಒಂದು ಮರಣವಾಯಿತು” ಎಂದಷ್ಟೇ ಹೇಳಿ, ಯಾವ ದಳದಲ್ಲೆಂದು ಹೇಳದೆ ಹೋದರೆ, ಅದು ಮೊದಲನೆಯ ದಳದ್ದಾಗಿರುವ ಸಂಭವನೀಯತೆ a/(a+b) ತಾನೆ? ಬೇರೆ ಕ್ಷಣಗಳಲ್ಲಿ ಏನಾಯಿತೆಂಬುದು ಇದನ್ನು ಬದಲಿಸಲಾರದು. ಹೀಗೆ n ಮರಣಗಳಲ್ಲಿ ಪ್ರತಿಯೊಂದೂ ಒಂದು ನಾಣ್ಯ ಚಿಮ್ಮುವಿಕೆಯಂತೆ. ಆ ನಾಣ್ಯದ ಒಂದು ಮುಖದ ಮೇಲೆ ಮೊದಲನೆಯ ದಳದ ಹೆಸರು, ಇನ್ನೊಂದರ ಮೇಲೆ ಎರಡನೆಯದರ ಹೆಸರು. n ಸ್ವತಂತ್ರ ಚಿಮ್ಮುವಿಕೆಗಳಲ್ಲಿ ಒಂದು ಮುಖ ಎಷ್ಟು ಸಲ ಬಿದ್ದಿತೆಂಬ ಎಣಿಕೆಯೇ ದ್ವಿಪದ ಎಣಿಕೆ.

ಈಗ ನಮ್ಮ ದಳಗಳಿಗೆ ಮರಳೋಣ. ಎರಡು ದಳಗಳ ಅಪಾಯವೂ ಸಮವೆಂದು ಊಹಿಸಿದರೆ a = b, ಆದುದರಿಂದ p = 1/2. ಗಮನಿಸಬೇಕಾದುದೆಂದರೆ, a ಎಷ್ಟೆಂದು ನಮಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಮೊತ್ತವನ್ನು ಗೊತ್ತುಪಡಿಸಿದ ಕೂಡಲೇ ಅಜ್ಞಾತವಾದ ಸರಾಸರಿ ಲೆಕ್ಕದಿಂದ ತಾನಾಗಿಯೇ ಮರೆಯಾಯಿತು. ಈ ವಿಧಾನದ ಬೆಲೆಯೆಲ್ಲ ಇರುವುದು ಇದರಲ್ಲಿಯೇ. 22 ಚಿಮ್ಮುವಿಕೆಗಳಲ್ಲಿ 7 ಅಥವಾ ಅದಕ್ಕಿಂತ ಕಡಮೆ ಸಲ ಒಂದು ಮುಖ ಬೀಳುವ ವಿಕಲ್ಪಗಳನ್ನು ಎಣಿಸಿದರೆ,

1 + 22 + 231 + 1540 + 7315 + 26334 + 74613 + 170544 = 280600

ಒಟ್ಟು ವಿಕಲ್ಪಗಳು 2^22, ಅಂದರೆ 4194304. ಭಾಗಿಸಿದರೆ 0.067 ಬರುತ್ತದೆ. ಹತ್ತನೆಯ ದಳವೇ ಕಡಮೆಯಾಗಿದ್ದರೂ ನಾವು ಇದೇ ಪ್ರಶ್ನೆಯನ್ನು ಕೇಳುತ್ತಿದ್ದೆವಾದುದರಿಂದ ಇದನ್ನು ಇಮ್ಮಡಿಸಬೇಕು, ಆಗ 0.134. ಅಪಾಯ ಸಮವಾಗಿದ್ದರೂ ಇಷ್ಟು ದೊಡ್ಡ ಅಂತರ ನೂರರಲ್ಲಿ ಹದಿಮೂರು ಸಲ ಕಾಣಿಸಿಕೊಳ್ಳುತ್ತದೆ. ಹತ್ತನೆಯ ದಳದ ಲಾಯದವರ ಮೇಲೆ ಆರೋಪ ಹೊರಿಸಲು ಇದು ಸಾಲದು.

ವಿದ್ಯಾರ್ಥಿಗಳು ಇಲ್ಲಿ ಒಂದು ತಪ್ಪು ಮಾಡುವುದುಂಟು. ಮೊತ್ತವನ್ನು ಗೊತ್ತುಪಡಿಸಿದ ಮೇಲೂ X ನ ಚಾಂಚಲ್ಯವನ್ನು ಪಾಯ್ಸಾನನ ಸೂತ್ರದಿಂದಲೇ ಅಳೆಯುತ್ತಾರೆ. ಸರಾಸರಿ 11 ಇರುವ ಪಾಯ್ಸಾನ್ ಎಣಿಕೆಯ ಮಾನಕ ವಿಚಲನೆಯ ವರ್ಗವೂ 11. ಆದರೆ 22 ಚಿಮ್ಮುವಿಕೆಗಳ ದ್ವಿಪದ ಎಣಿಕೆಯಲ್ಲಿ ಅದು 22 × 1/2 × 1/2, ಅಂದರೆ 5.5 ಮಾತ್ರ. ಅರ್ಧ ಎಲ್ಲಿಗೆ ಹೋಯಿತು? ಮೊತ್ತವೇ ಹೆಚ್ಚು ಕಡಮೆಯಾಗುವುದರಿಂದ ಬರುತ್ತಿದ್ದ ಚಾಂಚಲ್ಯ ಅದು; ಮೊತ್ತವನ್ನು ಕಟ್ಟಿಹಾಕಿದ ಮೇಲೆ ಅದಕ್ಕೆ ಎಡೆಯಿಲ್ಲ. ಮೊದಲು ಸ್ವತಂತ್ರವಾಗಿದ್ದ X ಮತ್ತು Y ಈಗ ತಕ್ಕಡಿಯ ಎರಡು ತಟ್ಟೆಗಳಂತೆ. ಒಂದು ಏರಿದಷ್ಟೂ ಇನ್ನೊಂದು ಇಳಿಯಲೇಬೇಕು.

ಎರಡು ಎಣಿಕೆಗಳ ಅವಧಿ ಸಮವಲ್ಲದಿದ್ದರೂ ವಿಧಾನವು ಕೆಡುವುದಿಲ್ಲ, p ಮಾತ್ರ ಬದಲಾಗುತ್ತದೆ. ಅದೇ ಪಟ್ಟಿಯ 14 ದಳಗಳನ್ನೂ ಕೂಡಿಸಿ ನೋಡಿದರೆ ಮೊದಲ ಐದು ವರ್ಷಗಳಲ್ಲಿ 34 ಮರಣಗಳು, ಉಳಿದ ಹದಿನೈದು ವರ್ಷಗಳಲ್ಲಿ 162. ಅಪಾಯವು ವರ್ಷಕ್ಕೆ ಸಮವಾಗಿದ್ದರೆ p = 5/20, ಅಂದರೆ 1/4. ನಿರೀಕ್ಷಿಸಬೇಕಾದುದು 196ರ ಕಾಲುಭಾಗ, 49. ಮಾನಕ ವಿಚಲನೆ ಸುಮಾರು 6. ಕಂಡದ್ದು 15ರಷ್ಟು ಕಡಮೆ, ಅಂದರೆ ಎರಡೂವರೆ ಮಾನಕ ವಿಚಲನೆಯಷ್ಟು. ಇದನ್ನು ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಕುದುರೆಗಳು ವರ್ಷದಿಂದ ವರ್ಷಕ್ಕೆ ಕೆಟ್ಟವೆಂದು ಹೇಳುವ ಮುನ್ನ ತಡೆಯಬೇಕು. ಜರ್ಮನ್ ಸೈನ್ಯದ ಶಾಂತಿಕಾಲದ ಬಲವನ್ನು 1880ರ ಮತ್ತು 1887ರ ಕಾಯಿದೆಗಳು ಹೆಚ್ಚಿಸಿದ್ದವು. ಜನ ಹೆಚ್ಚಿದ ಮೇಲೆ ಒದೆತಗಳೂ ಹೆಚ್ಚುವುದು ಸಹಜ. ವರ್ಷಗಳನ್ನಷ್ಟೇ ಎಣಿಸಿ p ಯನ್ನು 1/4 ಎಂದುದೇ ನಮ್ಮ ತಪ್ಪಾಗಿರಬಹುದು; ಅಪಾಯಕ್ಕೆ ಒಡ್ಡಿಕೊಂಡ ಸೈನಿಕರನ್ನು ವರ್ಷಗಳಿಂದ ಗುಣಿಸಿ ಬಂದ ಪ್ರಮಾಣವನ್ನು ಹಿಡಿಯಬೇಕಾಗಿತ್ತು.

ಇದಕ್ಕಿಂತಲೂ ಗೂಢವಾದ ಮೋಸವೊಂದುಂಟು. ಬೋರ್ಟ್‌ಕೀವಿಚ್ ರಚನೆಯಲ್ಲಿ ಭಿನ್ನವಾದ ನಾಲ್ಕು ದಳಗಳನ್ನು ಬದಿಗಿಟ್ಟು ಹತ್ತು ದಳಗಳ 122 ಮರಣಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದನು. ಆ ಹತ್ತರಲ್ಲಿ ಹದಿನಾಲ್ಕನೆಯ ದಳದ್ದು 24, ಹದಿನೈದನೆಯದರದ್ದು 8. ಮೊತ್ತ 32. ಮೇಲಿನಂತೆಯೇ ಲೆಕ್ಕ ಹಾಕಿದರೆ, ಸಮಾನ ಅಪಾಯದಲ್ಲಿ ಇಂತಹ ಅಂತರ ಸಾವಿರಕ್ಕೆ ಏಳು ಸಲ ಮಾತ್ರ ಬರುತ್ತದೆ. ಮೇಲ್ನೋಟಕ್ಕೆ ಸಾಕ್ಷ್ಯ ಬಲವಾಗಿದೆ. ಆದರೆ ಈ ಜೋಡಿಯನ್ನು ನಾನು ಆರಿಸಿದ್ದು ಪಟ್ಟಿಯನ್ನು ನೋಡಿದ ಮೇಲೆ. ಹತ್ತು ದಳಗಳಲ್ಲಿ 45 ಜೋಡಿಗಳಿದ್ದು, ಅವುಗಳಲ್ಲಿ ಕಣ್ಣಿಗೆ ಹೊಡೆಯುವಂತಹುದನ್ನೇ ಹೆಕ್ಕಿದೆ. ನ್ಯಾಯವಾದ ಪ್ರಶ್ನೆಯೆಂದರೆ, 122 ಮರಣಗಳನ್ನು ಹತ್ತು ಮುಖಗಳ ದಾಳವೊಂದು ಹಂಚಿದ್ದರೆ ಇಷ್ಟು ಏರುಪೇರು ಬರುತ್ತಿತ್ತೇ ಎಂಬುದು. ಪ್ರತಿ ದಳದ ಎಣಿಕೆಗೂ ಸರಾಸರಿಯಾದ 12.2ಕ್ಕೂ ಇರುವ ಅಂತರಗಳ ವರ್ಗಗಳನ್ನು ಕೂಡಿಸಿ 12.2ರಿಂದ ಭಾಗಿಸಿದರೆ 17.3 ಬರುತ್ತದೆ, ಆಕಸ್ಮಿಕವಾಗಿ ನಿರೀಕ್ಷಿಸಬೇಕಾದುದು 9. ಇಷ್ಟು ಏರುಪೇರು ನೂರಕ್ಕೆ ನಾಲ್ಕೈದು ಸಲ ಬರುವುದುಂಟು. ಸಾವಿರಕ್ಕೆ ಏಳು ಎಂದು ಕಂಡದ್ದು ನೂರಕ್ಕೆ ನಾಲ್ಕೈದಕ್ಕೆ ಇಳಿಯಿತು. ಸಂದೇಹ ಉಳಿಯುತ್ತದೆ, ನಿಶ್ಚಯ ಉಳಿಯುವುದಿಲ್ಲ.

ಇದೇ ಪರೀಕ್ಷೆಯನ್ನು 1940ರಲ್ಲಿ ಪ್ರಿಬೊರೋವ್‌ಸ್ಕಿ ಮತ್ತು ವಿಲೆನ್‌ಸ್ಕಿ ಎಂಬವರು ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ವಿವರಿಸಿದರು. ಅವರ ಎಣಿಕೆ ಮೇವಿನ ಬೆಳೆಯಾದ ಕ್ಲೋವರ್ ಬೀಜದಲ್ಲಿ ಬೆರೆತ ಪರಾವಲಂಬಿ ಕಳೆಯ ಬೀಜಗಳದ್ದು. ಬೀಜದ ಎರಡು ಮಾದರಿಗಳಲ್ಲಿ ಕಂಡ ಕಳೆಬೀಜಗಳ ಮೊತ್ತವನ್ನು ಗೊತ್ತುಪಡಿಸಿ, ಎರಡೂ ಒಂದೇ ಗುಣದವೇ ಎಂದು ನಿರ್ಣಯಿಸುವುದು ಅವರ ಉದ್ದೇಶವಾಗಿತ್ತು.

ಅಲ್ಲಿಯಾಗಲಿ ಇಲ್ಲಿಯಾಗಲಿ ಒಂದು ನಿಬಂಧನೆ ತಪ್ಪಿದರೆ ಲೆಕ್ಕವೆಲ್ಲ ಹುಸಿಯಾಗುತ್ತದೆ. ಘಟನೆಗಳು ಒಂದೊಂದಾಗಿ ಬರಬೇಕು, ಗುಂಪಾಗಿ ಬರಬಾರದು. ಕುದುರೆಯ ಒಂದು ಒದೆತ ಒಬ್ಬನನ್ನು ಕೊಲ್ಲುತ್ತದೆ. ಆದರೆ ಎರಡು ಊರುಗಳಲ್ಲಿ ಕಾಲರಾ ಮರಣಗಳನ್ನು ಎಣಿಸಿದರೆ, ಒಂದೇ ಬಾವಿಯ ನೀರು ಕುಡಿದ ಮನೆಯವರು ಒಟ್ಟಿಗೆ ಸಾಯುವರು. ಆಗ 22 ಮರಣಗಳು ನಿಜವಾಗಿ ಐದಾರು ಚಿಮ್ಮುವಿಕೆಗಳಷ್ಟೇ ಆಗಿದ್ದು, ದ್ವಿಪದ ಸೂತ್ರವು ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಎಣಿಕೆಯನ್ನು ಸಣ್ಣ ಅವಧಿಗಳಾಗಿ ಒಡೆದು, ಅವುಗಳ ಸರಾಸರಿಯನ್ನೂ ಮಾನಕ ವಿಚಲನೆಯ ವರ್ಗವನ್ನೂ ಹೋಲಿಸಬೇಕು. ಪಾಯ್ಸಾನ್ ಎಣಿಕೆಯಲ್ಲಿ ಇವೆರಡೂ ಸಮ. ಗುಂಪುಗಟ್ಟಿದ ಎಣಿಕೆಯಲ್ಲಿ ಎರಡನೆಯದು ಬಹಳ ದೊಡ್ಡದು. ಆ ಹತ್ತು ದಳಗಳಿಗೆ ಇಪ್ಪತ್ತು ವರ್ಷಗಳೆಂದರೆ 200 ಅವಧಿಗಳು. ಅವುಗಳಲ್ಲಿ ಮರಣವೇ ಇಲ್ಲದವು 109, ಒಂದು ಮರಣದವು 65, ಎರಡರವು 22, ಮೂರರವು 3, ನಾಲ್ಕರದು 1. ಇವುಗಳ ಸರಾಸರಿ 0.61, ಮಾನಕ ವಿಚಲನೆಯ ವರ್ಗವೂ 0.61.